ತಾತನ ಕೈ, ನನ್ನ ರೋಬೋ

1/5
ಹೋದ ವಾರ ಸ್ಟೋರಿಯಲ್ಲಿ ಹಾಕಿದ್ದೆನಲ್ಲ, ಕೈ ತೋರಿಸಿದ್ರೆ ಓಡೋ ಪುಟ್ಟ ಗಾಡಿ, ಅದರ ಪೂರ್ತಿ ಕಥೆ ಇದು. "ಬಿಕಾಂ ಓದೋಳಿಗೆ ರೋಬೋ ಯಾಕಲೇ" ಅಂತ ಮೆಸೇಜ್ ಮಾಡಿದವರು ಮೊದಲು ಓದ್ರಿ, ಆಮೇಲೆ ಕೇಳ್ರಿ.

ಗಾಡಿ ದೊಡ್ಡದೇನಲ್ಲ. ಒಂದು ಆರ್ಡುಯಿನೋ ಊನೋ, ಮೋಟರ್ ಡ್ರೈವರ್ ಬೋರ್ಡು, ಹಳದಿ ಬಣ್ಣದ ಎರಡು ಗೇರ್ ಮೋಟರು, ಬ್ಲೂಟೂತ್ ಮಾಡ್ಯೂಲು, ಎರಡು ಬ್ಯಾಟರಿ. ಇದನ್ನೆಲ್ಲ ಜೋಡಿಸಿದ್ದು ಮಾನ್ವಿಯ ನಮ್ಮ ಚಿಕ್ಕವ್ವನ ಮಗ, ಡಿಪ್ಲೊಮಾ ಓದ್ತಾನೆ. ಕೈ ನೋಡಿ ಗುರುತು ಹಿಡಿಯೋ ಕೆಲಸ ಮಾತ್ರ ನನ್ನದು, ಅದು ಲ್ಯಾಪ್‌ಟಾಪಿನ ವೆಬ್‌ಕ್ಯಾಮ್‌ನಲ್ಲಿ ನಡೀತದ. ರೋಬೋಗೆ ಕಣ್ಣಿಲ್ಲ. ಅದಕ್ಕೆ ಬ್ಲೂಟೂತಿನಲ್ಲಿ ಒಂದೊಂದು ಅಕ್ಷರ ಹೋಗ್ತದ ಅಷ್ಟೇ: `F` ಮುಂದೆ, `L` ಎಡಕ್ಕೆ, `R` ಬಲಕ್ಕೆ, `S` ನಿಲ್ಲು.

2/5
ಕೈ ಗುರುತಿಸೋಕೆ ಬಳಸಿದ್ದು ಮೀಡಿಯಾಪೈಪ್. ಗೂಗಲ್‌ನವರು 2019ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದು. ಅದು ಮೊದಲು ಚಿತ್ರದೊಳಗೆ ಅಂಗೈ ಎಲ್ಲೈತಿ ಅಂತ ಹುಡುಕ್ತದ, ಬೆರಳನ್ನಲ್ಲ. ಬೆರಳು ಹೆಂಗ್ ಬೇಕಾದ್ರೂ ಮಡಚ್ತಾವ, ಅಂಗೈ ಆಕಾರ ಅಷ್ಟು ಬದಲಾಗಲ್ಲ, ಹಂಗಾಗಿ ಅಂಗೈ ಹುಡುಕೋದು ಸುಲಭ. ಸಿಕ್ಕ ಮೇಲೆ ಆ ಜಾಗ ಕತ್ತರಿಸಿಕೊಂಡು ಅದರ ಮೇಲೆ 21 ಚುಕ್ಕಿ ಇಡ್ತದ. 0 ಅಂದ್ರೆ ಮಣಿಕಟ್ಟು, 8 ತೋರುಬೆರಳಿನ ತುದಿ, 12 ನಡುಬೆರಳಿನ ತುದಿ, 20 ಕಿರುಬೆರಳಿನ ತುದಿ. ಮುಂದಿನ ಫ್ರೇಮಿಗೆ ಮತ್ತೆ ಮೊದಲಿಂದ ಹುಡುಕಲ್ಲ, ಹಿಂದಿನ ಚುಕ್ಕಿ ಇದ್ದ ಜಾಗದಲ್ಲೇ ನೋಡ್ತದ. ಕೈ ತಪ್ಪಿಹೋದ್ರೆ ಮಾತ್ರ ಮತ್ತೆ ಅಂಗೈ ಹುಡುಕಾಟ. ನನ್ನ ಹಳೇ ಲ್ಯಾಪ್‌ಟಾಪಿನಲ್ಲೂ ಇದು ಓಡೋದು ಅದಕ್ಕೇ.

ಬೆರಳು ಎತ್ತೈತೋ ಮಡಚೈತೋ ಅನ್ನೋಕೆ ಮೊದಮೊದಲು ಎಲ್ಲರೂ ಮಾಡೋದನ್ನೇ ನಾನೂ ಮಾಡಿದೆ: ತುದಿಯ ಚುಕ್ಕಿ ನಡುಗೆಣ್ಣಿಗಿಂತ ಮೇಲಿದ್ರೆ ಎತ್ತೈತಿ. ಕೈ ನೆಟ್ಟಗಿದ್ದಾಗ ಸರಿಯಾಗೇ ಇತ್ತು. ಕೈ ಸ್ವಲ್ಪ ಅಡ್ಡ ಆಯ್ತೋ, ಪೂರ್ತಿ ಚಾಚಿದ ಬೆರಳನ್ನೂ ಮಡಚೈತಿ ಅಂತು. ಯಾಕಂದ್ರೆ ಅಡ್ಡ ಕೈಯಲ್ಲಿ ತುದಿ, ಗೆಣ್ಣು ಎರಡೂ ಒಂದೇ ಎತ್ತರಕ್ಕೆ ಬರ್ತಾವ.

ಅದನ್ನ ಬಿಟ್ಟು ದೂರ ಅಳೆಯೋಕೆ ಶುರು ಮಾಡಿದೆ. ಮಣಿಕಟ್ಟಿನಿಂದ ಬೆರಳ ತುದಿಗೆ ಎಷ್ಟು, ಮಣಿಕಟ್ಟಿನಿಂದ ಅದೇ ಬೆರಳಿನ ಬುಡಕ್ಕೆ ಎಷ್ಟು, ಒಂದನ್ನ ಇನ್ನೊಂದರಿಂದ ಭಾಗಿಸಿದೆ.

```python
def ratio(p, tip, base):
    return dist(p[0], p[tip]) / dist(p[0], p[base])
```

ಭಾಗಿಸೋದರಿಂದ ಕೈ ಕ್ಯಾಮೆರಾಗೆ ಹತ್ರ ಇದ್ರೂ ದೂರ ಇದ್ರೂ ಉತ್ತರ ಹೆಚ್ಚುಕಡಿಮೆ ಅದೇ ಬರ್ತದ, ಅಡ್ಡ ತಿರುಗಿಸಿದ್ರೂ ಅಷ್ಟೇ. ನನ್ನ ನಡುಬೆರಳು ಚಾಚಿದಾಗ 1.9, ಮುಷ್ಟಿ ಕಟ್ಟಿದಾಗ 0.8. ನಟ್ಟನಡುವೆ 1.35. ಅದರ ಮೇಲಿದ್ರೆ ಎತ್ತೈತಿ, ಕೆಳಗಿದ್ರೆ ಮಡಚೈತಿ. ಎಲ್ಲ ಬೆರಳಿಗೂ 1.35 ಅಂತ ಬರೆದು ಮುಗಿಸಿಬಿಟ್ಟೆ. ಇಲ್ಲೇ ನಾ ತಪ್ಪಿದ್ದು, ಆದ್ರೆ ಅವತ್ತು ಗೊತ್ತಾಗಲಿಲ್ಲ.

3/5
ಮಾನ್ವಿಯಲ್ಲಿ ಮೊದಲನೇ ಟ್ರಯಲ್. ಊಟದ ಟೇಬಲ್ ಮೇಲೆ ಇಟ್ಟು ತೋರುಬೆರಳು ಎತ್ತಿದೆ, ಹೊರಟಿತು. ಖುಷಿಗೆ ಕೈ ಕೆಳಗೆ ಹಾಕಿ ಚಪ್ಪಾಳೆ ತಟ್ಟಿದೆ ನೋಡ್ರಿ, ಗಾಡಿ ಟೇಬಲ್ ದಾಟಿ ಸೀದಾ ನೆಲಕ್ಕೆ. "ಅಕ್ಕಾ, ಚಕ್ರ ಮುರೀತು" ಅಂದ ತಮ್ಮ. ಮುಖ ನೋಡಬೇಕಿತ್ತು ಅವಂದು.

ಆಗಿದ್ದೇನಂದ್ರೆ, ಕೈ ಚೌಕಟ್ಟಿನಿಂದ ಹೊರಗೆ ಹೋದಾಗ ಚುಕ್ಕಿಗಳೇ ಇರಲ್ಲ. ಚುಕ್ಕಿ ಇಲ್ಲದಿದ್ರೆ ನನ್ನ ಪ್ರೋಗ್ರಾಂ ಏನೂ ಕಳಿಸ್ತಿರಲಿಲ್ಲ. ಏನೂ ಬರದಿದ್ರೆ ಆರ್ಡುಯಿನೋ ಕೊನೇ ಆರ್ಡರನ್ನೇ ಪಾಲಿಸ್ತದ, ಅಂದ್ರೆ ಮುಂದೆ ಹೋಗೋದು. ಈಗ ಲ್ಯಾಪ್‌ಟಾಪು ಕೈ ಕಾಣದಾಗ `S` ಕಳಿಸ್ತದ, ಕಂಡಾಗ ಅದೇ ಅಕ್ಷರವನ್ನ ಮತ್ತೆ ಮತ್ತೆ ಕಳಿಸ್ತಾನೇ ಇರ್ತದ. ಬ್ಲೂಟೂತೇ ಕಡಿದುಹೋದ್ರೆ? ಅದಕ್ಕೆ ಗಾಡಿಯೊಳಗೇ ಒಂದು ಸಾಲು:

```cpp
if (millis() - lastCmd > 400) stopMotors();
```

400 ಮಿಲಿಸೆಕೆಂಡ್ ಸುದ್ದಿ ಬರಲಿಲ್ಲ ಅಂದ್ರೆ ತಾನೇ ನಿಲ್ತದ. ಆದ್ರೂ ಲೆಕ್ಕ ಹಾಕಿ ನೋಡ್ರಿ. ನಮ್ಮ ಚಕ್ರ ಒಂದು ಸುತ್ತಿಗೆ ಸುಮಾರು 20 ಸೆಂಟಿಮೀಟರ್ ಹೋಗ್ತದ, ಸೆಕೆಂಡಿಗೆ ಎರಡೂವರೆ ಸುತ್ತು. ಆ 400 ಮಿಲಿಸೆಕೆಂಡಿನಲ್ಲೇ 20 ಸೆಂಟಿಮೀಟರ್ ಮುಂದೆ! ಸ್ಪೀಡು ಅರ್ಧ ಮಾಡಿದ್ವಿ. ಟೇಬಲ್ ಮೇಲೆ ಇಡೋದನ್ನೂ ಬಿಟ್ವಿ.

4/5
ಹಬ್ಬಕ್ಕೆ ದೇವದುರ್ಗಕ್ಕೆ ಹೋದಾಗ ತಾತನಿಗೆ ತೋರಿಸಿದೆ. ಅಂಗಳದಾಗ ಬಿಟ್ಟು, "ತಾತಾ, ನೀವೇ ಓಡಸ್ರಿ, ಐದೂ ಬೆರಳು ತೋರಿಸಿದ್ರ ನಿಲ್ತದ" ಅಂದೆ. ತೋರುಬೆರಳು ಎತ್ತಿದ್ರು, ಹೋಯ್ತು. ತಂಬಿಗೆ ಹತ್ರ ಬಂದಾಗ ತಾತ ಅಂಗೈ ಎತ್ತಿದ್ರು, ಎತ್ತಿಗೆ ನಿಲ್ಲು ಅನ್ನೋ ಹಂಗ. ನಿಲ್ಲಲಿಲ್ಲ. ತಂಬಿಗೆ ಉರುಳಿ ನೀರೆಲ್ಲ ಚೆಲ್ಲಿತು.

"ನನ್ನ ಕೈ ಮಾತು ಎತ್ತು ಕೇಳ್ತಿದ್ವು, ಇದು ಕೇಳವಲ್ಲದಲ್ಲವ್ವಾ" ಅಂತ ನಕ್ಕರು. ನಗ್ತಾ ನಗ್ತಾ ಕೈಯನ್ನ ಟವೆಲ್ ಒಳಗ ಸೇರಿಸಿಕೊಂಡ್ರು. ನನಗೆ ನಗು ಬರಲಿಲ್ಲ.

ಎಷ್ಟೋ ವರ್ಷದ ಹಿಂದೆ ಎತ್ತಿನ ಹಗ್ಗ ಸುತ್ತಿಕೊಂಡು ತಾತನ ಬಲಗೈ ನಡುಬೆರಳು, ಉಂಗುರಬೆರಳು ಮುರಿದಿದ್ವು. ಡೊಂಕಾಗೇ ಕೂಡ್ಯಾವ, ಪೂರ್ತಿ ಚಾಚೋಕೆ ಬರಲ್ಲ. ಹುಟ್ಟಿದಾಗಿಂದ ಆ ಕೈ ಹಿಡ್ಕೊಂಡೇ ತಿರುಗಿದೋಳು ನಾನು, ಕೋಡ್ ಬರೆಯುವಾಗ ಒಮ್ಮೆನೂ ನೆನಪಾಗಲಿಲ್ಲ.

5/5
ರಾತ್ರಿ ಕೂತು ತಾತನ ಕೈ ಅಳೆದೆ. ನಡುಬೆರಳು ಅವರ ಮಟ್ಟಿಗೆ ಪೂರ್ತಿ ಚಾಚಿದಾಗ 1.2, ಮುಷ್ಟಿಯಲ್ಲಿ 0.8. ನನ್ನ ಗೆರೆ 1.35ರಲ್ಲಿತ್ತು, ಅಂದ್ರೆ ಅವರು ಎಷ್ಟೇ ಚಾಚಿದ್ರೂ ಕಂಪ್ಯೂಟರ್ ಲೆಕ್ಕಕ್ಕೆ ಮಡಚಿದ್ದೇ. ಅಂಗೈ ಎತ್ತಿದಾಗ ಅದಕ್ಕೆ ಕಂಡದ್ದು ತೋರುಬೆರಳು, ಕಿರುಬೆರಳು ಮಾತ್ರ. ಅಂಥ ಗುರುತೇ ನನ್ನ ಪಟ್ಟಿಯಲ್ಲಿಲ್ಲ. ಗೊತ್ತಿಲ್ಲದ ಗುರುತು ಬಂದ್ರೆ ಹಿಂದಿನದನ್ನೇ ಮುಂದುವರಿಸು ಅಂತ ಬರೆದೋಳೂ ನಾನೇ. ಈಗ ಗೊತ್ತಿಲ್ಲದ್ದು ಏನೇ ಬಂದ್ರೂ `S`.

ಗೆರೆಯನ್ನೂ ಬದಲಾಯಿಸಿದೆ. ಶುರುವಿಗೆ ಎರಡು ಸೆಕೆಂಡ್ ಕೈ ಬಿಚ್ಚಿ ತೋರಿಸಬೇಕು, ಎರಡು ಸೆಕೆಂಡ್ ಮುಷ್ಟಿ. ಪ್ರತಿ ಬೆರಳಿಗೂ ಎರಡರ ನಡುವಿನ ಸಂಖ್ಯೆ ಅದರದೇ ಗೆರೆ ಆಗ್ತದ. ತಾತನ ನಡುಬೆರಳಿಗೆ 1.0 ಬಂತು. ಉಂಗುರಬೆರಳು ಮಾತ್ರ ಬಿಚ್ಚಿದಾಗ 0.95, ಮುಷ್ಟಿಯಲ್ಲಿ 0.8. ಅಷ್ಟು ಸಣ್ಣ ಅಂತರದಲ್ಲಿ ಚುಕ್ಕಿಗಳ ಮಾಮೂಲಿ ನಡುಕಕ್ಕೇ ಉತ್ತರ ಅತ್ತಿತ್ತ ಆಗ್ತದ. ಅದಕ್ಕೆ ಅಂತರ 0.25ಕ್ಕಿಂತ ಕಡಿಮೆ ಇರೋ ಬೆರಳನ್ನ ಲೆಕ್ಕಕ್ಕೇ ತಗೊಳ್ಳಬೇಡ ಅಂದೆ. ಗುರುತುಗಳನ್ನ ಉಂಗುರಬೆರಳು, ಹೆಬ್ಬೆರಳು ಬೇಕಾಗದ ಹಂಗ ಇಟ್ಟೆ: ತೋರುಬೆರಳು ಒಂದೇ ಅಂದ್ರೆ ಮುಂದೆ, ಜೊತೆಗೆ ನಡುಬೆರಳು ಸೇರಿದ್ರೆ ಎಡ, ಕಿರುಬೆರಳು ಒಂದೇ ಅಂದ್ರೆ ಬಲ, ಮೂರೂ ಎತ್ತಿದ್ರೆ ನಿಲ್ಲು. ಓಡೋ ಆರ್ಡರಿಗೆ ಐದು ಫ್ರೇಮ್ ಒಂದೇ ಗುರುತು ಕಾಣಬೇಕು. ನಿಲ್ಲೋಕೆ ಒಂದು ಫ್ರೇಮ್ ಸಾಕು, ಕಾಯೋದು ಬೇಡ.

ಇನ್ನೂ ಸರಿಯಾಗದ್ದೊಂದೈತಿ. ತಾತ ಅಭ್ಯಾಸಬಲಕ್ಕೆ ಬೆರಳನ್ನ ಕ್ಯಾಮೆರಾ ಕಡೆಗೇ ಚಾಚಿ ತೋರಿಸ್ತಾರ, "ಅತ್ಲಾಗ ಹೋಗು" ಅಂತ. ಎದುರಿಂದ ನೋಡಿದ್ರೆ ಆ ಬೆರಳು ಗಿಡ್ಡ ಕಾಣ್ತದ, ಮಡಚೈತಿ ಅಂತಾನೇ ಲೆಕ್ಕ ಆಗ್ತದ, ಗಾಡಿ ನಿಲ್ತದ. ಆಳ ಹೇಳೋ ಮೂರನೇ ಸಂಖ್ಯೆಯೂ ಸಿಗ್ತದ, ಆದ್ರೆ ಅದು ಒಂದೇ ಕ್ಯಾಮೆರಾದ ಅಂದಾಜು. ನಂಬಿ ನೋಡಿದೆ, ಕೈ ಅಲ್ಲಾಡಿಸದಿದ್ರೂ ಕುಣೀತದ.

ಮರುದಿನ ಬೆಳಿಗ್ಗೆ ಮತ್ತೆ ಅದೇ ಅಂಗಳ, ಅದೇ ತಂಬಿಗೆ. ತಾತ ಅಂಗೈ ಎತ್ತಿದ್ರು, ಗಾಡಿ ನಿಂತಿತು. ಒಂದು ಗೇಣು ಮುಂಚೆನೇ. "ಇನ್ನೊಮ್ಮೆ ಬಿಡು" ಅಂದ್ರು, ಟವೆಲ್ ಹೆಗಲ ಮೇಲೆ ಹಾಕ್ಕೊಂಡು.

ಕೊನೇ ವಿಡಿಯೋ ಅದೇ, ಸ್ವೈಪ್ ಮಾಡ್ರಿ. ಹಿಂದೆ ಕೂಗ್ತಿರೋದು ನಮ್ಮವ್ವ, ಸೌಂಡ್ ಕಡಿಮೆ ಇಟ್ಕೊಳ್ರಿ.

#ರಾಯಚೂರು #ದೇವದುರ್ಗ #ಮಾನ್ವಿ #ಕೈಸನ್ನೆರೋಬೋ