ಕೆಂಪಿನ ಗಡಿ

ಫೋಟೊದ ಬಣ್ಣವನ್ನೆಲ್ಲ ತೆಗೆದು ಒಂದನ್ನು ಮಾತ್ರ ಉಳಿಸುವ ಆಟ ಕಂಡರೆ ಮೂಗು ಮುರಿಯುವವರಿದ್ದಾರೆ. ಕಪ್ಪು-ಬಿಳುಪು ಮದುವೆ ಆಲ್ಬಮ್ಮಿನಲ್ಲಿ ಕೆಂಗುಲಾಬಿಯೊಂದೇ ಉರಿಯುವುದನ್ನು ಸಾಕಷ್ಟು ನೋಡಿ ಬೇಸತ್ತವರು, ಪಾಪ. ನನಗೋ ಇದೊಂದು ಚಟ. ಉಳಿಸಿದ ಬಣ್ಣ ಎಲ್ಲಿಗೆ ಮುಗಿಯಬೇಕೆಂದು ತೀರ್ಮಾನಿಸುವುದರಲ್ಲೇ ಇದರ ರುಚಿಯೆಲ್ಲ.

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ತೆಗೆದ ಚಿತ್ರವೊಂದಿದೆ. ಹಿತ್ತಾಳೆ ತಟ್ಟೆಯಲ್ಲಿ ಗೋಪುರದಂತೆ ಕುಂಕುಮ, ಪಕ್ಕದಲ್ಲಿ ಹಳದಿ, ಹಸಿರು, ಗುಲಾಬಿ ಪುಡಿಗಳ ಗುಡ್ಡೆ, ಹಿಂದೆ ಪೊಟ್ಟಣ ಕಟ್ಟುತ್ತಿರುವ ಅಂಗಡಿಯಾತ. ಕೆಂಪೊಂದನ್ನು ಬಿಟ್ಟು ಉಳಿದದ್ದನ್ನು ಅಳಿಸು ಎಂದರೆ ಫೋನೇ ಮಾಡಿಕೊಡುತ್ತದೆ. ಆದರೆ ಅದಕ್ಕೆ ಕಾಣುವುದು ಬಣ್ಣ, ವಸ್ತುವಲ್ಲ. ನಮ್ಮ ಚರ್ಮದಲ್ಲೂ ಕೆಂಪು, ಕಿತ್ತಳೆ ಇರುವುದರಿಂದ ಅಂಗಡಿಯಾತನ ತುಟಿ, ಕಿವಿಗಳಲ್ಲಿ ರಂಗು ಉಳಿದು, ಆತ ಯಾಕೋ ನಾಚಿಕೊಂಡಂತೆ ಕಾಣುತ್ತಾನೆ.

ಹಾಗಾಗಿ ಕೈಕೆಲಸವೇ ಸರಿ. ಚಿತ್ರದ ಪದರವನ್ನು ನಕಲು ಮಾಡಿ ಮೇಲಿನದನ್ನು ಕಪ್ಪು-ಬಿಳುಪು ಮಾಡುತ್ತೇನೆ. ಅದಕ್ಕೊಂದು ಬಿಳಿ ಮಾಸ್ಕ್ ಹಾಕಿ, ಕುಂಕುಮವಿರುವಲ್ಲಿ ಕಪ್ಪು ಬ್ರಶ್ ಆಡಿಸಿದರೆ ಮೇಲಿನ ಪದರ ಅಲ್ಲಿ ಮರೆಯಾಗಿ ಕೆಳಗಿನ ಕೆಂಪು ಇಣುಕುತ್ತದೆ. ಕೈ ಜಾರಿತೇ? ಬಿಳಿ ಬ್ರಶ್ ಎಳೆದರಾಯಿತು, ಏನೂ ಕೆಟ್ಟಿರುವುದಿಲ್ಲ.

ಬೂದು ಬಣ್ಣದಲ್ಲೂ ಒಂದು ಸಮಸ್ಯೆಯಿದೆ. ಬಣ್ಣವನ್ನು ಸುಮ್ಮನೆ ಹಿಂಡಿ ತೆಗೆದರೆ ಹಸಿರು, ಗುಲಾಬಿ ಗುಡ್ಡೆಗಳು ಒಂದೇ ಬೂದಾಗಿ ಬೆರೆತುಹೋಗಬಹುದು. ಚಾನೆಲ್ ಮಿಕ್ಸರ್‌ನಲ್ಲಿ ಹಸಿರಿನ ಪಾಲು ಏರಿಸಿ ಕೆಂಪಿನದು ಇಳಿಸಿದರೆ ಹಸಿರು ಪುಡಿ ತಿಳಿಯಾಗಿ, ಗುಲಾಬಿ ಗಾಢವಾಗಿ, ಎರಡೂ ಬೇರೆಬೇರೆ ನಿಲ್ಲುತ್ತವೆ.

ಇನ್ನು ಅಂಚು. ಪುಡಿಯ ಗುಡ್ಡೆಗೆ ಚಾಕುವಿನಿಂದ ಕೊರೆದಂಥ ಅಂಚಿರುವುದಿಲ್ಲ. ಗಟ್ಟಿ ಬ್ರಶ್ ಬಳಸಿದರೆ ಕಾಗದದಲ್ಲಿ ಕತ್ತರಿಸಿ ಅಂಟಿಸಿದಂತಾಗುತ್ತದೆ. ಮೆದು ಬ್ರಶ್ ಹಿಡಿದು, ಚಿತ್ರ ಹಿಗ್ಗಿಸಿಕೊಂಡು ನಿಧಾನಕ್ಕೆ ಸಾಗಬೇಕು. ಹಾಗೆ ಸಾಗುತ್ತಿದ್ದಾಗಲೇ ಕಂಡಿದ್ದು, ಕೆಂಪು ಗುಡ್ಡೆಗೇ ನಿಂತಿರಲಿಲ್ಲ. ತಟ್ಟೆಯ ಹಿತ್ತಾಳೆಯಲ್ಲಿ ಅದರ ನೆರಳು ಹೊಳೆಯುತ್ತಿತ್ತು. ಅಂಗಡಿಯಾತನ ಬೆರಳ ತುದಿಗಳೂ ಕೆಂಪು.

ತಟ್ಟೆಯನ್ನು ಪೂರ್ತಿ ಬೂದು ಮಾಡಿದರೆ ಕುಂಕುಮ ತೇಲಿದಂತಿತ್ತು. ಪೂರ್ತಿ ಬಣ್ಣ ಬಿಟ್ಟರೆ ಹಿತ್ತಾಳೆಯ ಹಳದಿಯೂ ನುಸುಳುತ್ತಿತ್ತು. ಬ್ರಶ್ಶಿನ ಸಾಂದ್ರತೆಯನ್ನು ಶೇ. 40ಕ್ಕೆ ಇಳಿಸಿ ಪ್ರತಿಬಿಂಬದ ಮೇಲಷ್ಟೇ ಸವರಿದೆ. ಗುಡ್ಡೆ ತಟ್ಟೆಯಲ್ಲಿ ಕೂತಿತು. ಬೆರಳುಗಳಿಗೆ ಮಾತ್ರ ಪೂರ್ತಿ ಕೆಂಪು ಬಿಟ್ಟೆ. ಒಂದೇ ವಸ್ತು ಎಂಬ ನಿಯಮ ಮುರಿಯಿತು, ನಿಜ. ಆದರೆ ಕುಂಕುಮ ಯಾರ ಕೈಯದೆಂಬುದು ಅದರಿಂದಲೇ ತಿಳಿಯುವುದು.

ಕೊನೆಗೊಂದು ಪರೀಕ್ಷೆ. ಕೆಂಪನ್ನು ಹೆಬ್ಬೆರಳಿನಿಂದ ಮುಚ್ಚಿ ನೋಡುತ್ತೇನೆ. ಉಳಿದ ಬೂದು ಚಿತ್ರ ತನ್ನ ಕಾಲ ಮೇಲೆ ತಾನು ನಿಂತರೆ ಇಟ್ಟುಕೊಳ್ಳುತ್ತೇನೆ. ನಿಲ್ಲದಿದ್ದರೆ, ಬಣ್ಣ ಅಲ್ಲಿ ಬರೀ ಸೋಲು ಮುಚ್ಚುತ್ತಿದೆ ಎಂದರ್ಥ.