ಹರಟೆಗೊಂದು ಹಾಳೆ

ಇಬ್ಬರು ಎದುರುಬದುರು ಕೂತು ಮಾತಾಡುವ ಪಾಡ್‌ಕಾಸ್ಟಿಗೆ ನಾನು ಬರೆದುಕೊಡುತ್ತೇನೆ. ಮಾತಾಡುವವರು ಅವರು, ಮಾತೂ ಅವರದೇ. ಹಾಗಾದರೆ ನೀವು ಬರೆಯುವುದೇನು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ನಮ್ಮ ಕರಾವಳಿಯ ತಾಳಮದ್ದಳೆಯಲ್ಲಿ ಬಹಳ ಹಿಂದಿನಿಂದಲೂ ಇದೆ. ಅಲ್ಲಿ ಬರೆದಿಟ್ಟದ್ದು ಪ್ರಸಂಗದ ಪದ್ಯಗಳು ಮಾತ್ರ. ಭಾಗವತರು ಪದ್ಯ ಹಾಡಿ ನಿಲ್ಲಿಸುತ್ತಾರೆ, ಅರ್ಥಧಾರಿಗಳು ಅಲ್ಲಿಂದ ಮಾತು ಎತ್ತಿಕೊಳ್ಳುತ್ತಾರೆ. ಎರಡು ಪದ್ಯಗಳ ನಡುವಿನ ಮಾತು ಆಯಾ ರಾತ್ರಿಯೇ ಹುಟ್ಟಿದ್ದು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಹೆಸರಾದದ್ದು ಹಾಗೆ ಹುಟ್ಟಿದ ಮಾತಿನಿಂದ. ವಾಲಿ ವಾದದಲ್ಲಿ ರಾಮನನ್ನು ಎಷ್ಟೇ ಕಟ್ಟಿಹಾಕಿದರೂ ಪ್ರಸಂಗ ತನ್ನ ದಾರಿ ಬಿಡುವುದಿಲ್ಲ. ಮುಂದಿನ ಪದ್ಯ ಶುರುವಾದ ಕೂಡಲೇ ಮಾತು ಅತ್ತ ತಿರುಗಲೇಬೇಕು. ನಾನು ಬರೆಯುವುದು ಆ ಪದ್ಯಗಳ ಜಾಗದಲ್ಲಿ ಬರುವ ವಸ್ತುವನ್ನು. ನಡುವಿನ ಅರ್ಥ ನನ್ನದಲ್ಲ.

ಸಂಭಾಷಣೆಯನ್ನು ಅಕ್ಷರ ಅಕ್ಷರ ಬರೆದುಕೊಟ್ಟರೆ ಏನಾಗುತ್ತದೆ? ಶಿವನಸಮುದ್ರದ ವಿದ್ಯುತ್ತಿನ ಬಗ್ಗೆ ಅರ್ಧ ಗಂಟೆಯ ಕಂತು ಮಾಡಬೇಕು ಎಂದುಕೊಳ್ಳಿ. ನಮ್ಮ ನಿರೂಪಕಿ ಹಾಸನದ ಕಡೆಯವರು, ನಿರೂಪಕ ಧಾರವಾಡದವರು. ಬರೆದ ಮಾತು ಹೀಗಿರುತ್ತದೆ:

“1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಯಿತು.”

“ಹೌದಾ! ಆ ವಿದ್ಯುತ್ತನ್ನು ಎಲ್ಲಿಗೆ ಕಳುಹಿಸಲಾಯಿತು?”

“ಅದನ್ನು ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಲಾಯಿತು.”

ವಿಷಯದಲ್ಲಿ ತಪ್ಪಿಲ್ಲ, ಆದರೂ ಕೇಳುವವರು ಮೂರನೆಯ ವಾಕ್ಯಕ್ಕೇ ದೂರ ಸರಿಯುತ್ತಾರೆ. “ಕಳುಹಿಸಲಾಯಿತು” ಎಂದು ಯಾರೂ ಬಾಯಲ್ಲಿ ಅನ್ನುವುದಿಲ್ಲ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡದು, ಕೇಳಿದವನಿಗೆ ಕೇಳುವ ಅಗತ್ಯವೇ ಇರಲಿಲ್ಲ ಎಂಬುದು. ಆ ಪ್ರಶ್ನೆ ಬಂದದ್ದು ಉತ್ತರಕ್ಕೆ ಜಾಗ ಮಾಡಿಕೊಡಲು ಮಾತ್ರ. ಮೂರನೆಯ ಕಾರಣ ಕಿವಿಗೆ ಮಾತ್ರ ಸಿಗುವಂಥದ್ದು. 2009ರಲ್ಲಿ ಹತ್ತು ಭಾಷೆಗಳ ಮಾತುಕತೆಯನ್ನು ಅಳೆದ ಅಧ್ಯಯನವೊಂದು ಪ್ರಕಟವಾಯಿತು. ಒಬ್ಬರು ಪ್ರಶ್ನೆ ಮುಗಿಸಿ ಇನ್ನೊಬ್ಬರು ಉತ್ತರ ಶುರುಮಾಡುವ ನಡುವೆ ಸರಾಸರಿ ಒಂದು ಸೆಕೆಂಡಿನ ಐದನೇ ಒಂದು ಭಾಗದಷ್ಟೇ ಬಿಡುವು ಇರುತ್ತದೆ ಎಂದು ಅದರಲ್ಲಿ ಕಂಡುಬಂತು. ಉತ್ತರ ಯೋಚಿಸಿ ಬಾಯಿಗೆ ತರಲು ಅಷ್ಟು ಹೊತ್ತು ಸಾಲದು. ಎದುರಿನವರ ವಾಕ್ಯ ಎಲ್ಲಿ ಮುಗಿಯುತ್ತದೆ ಎಂದು ಮೊದಲೇ ಊಹಿಸಿ ನಾವು ಸಿದ್ಧರಾಗಿರುತ್ತೇವೆ ಎಂದಾಯಿತು. ಹಾಳೆ ಓದುವವರು ಊಹಿಸುವುದಿಲ್ಲ. ಅವರು ವಾಕ್ಯ ಮುಗಿಯಲಿ ಎಂದು ಕಾಯುತ್ತಾರೆ, ಆಮೇಲೆ ತಮ್ಮ ಸಾಲು ಹುಡುಕುತ್ತಾರೆ. ಬಿಡುವು ಪ್ರತಿ ಸಲವೂ ಒಂದೇ ಅಳತೆಯದಾಗುತ್ತದೆ. ಒಬ್ಬರ ಮಾತಿನ ಬಾಲದ ಮೇಲೆ ಇನ್ನೊಬ್ಬರ ಮಾತು ಒಮ್ಮೆಯೂ ಬೀಳುವುದಿಲ್ಲ. ಕೇಳುವವರು ಇದನ್ನು ಬಿಡಿಸಿ ಹೇಳಲಾರರು, ಆದರೆ ಇದು ಓದು ಎಂದು ಅವರ ಕಿವಿಗೆ ಗೊತ್ತಾಗಿಬಿಡುತ್ತದೆ.

ಆದ್ದರಿಂದ ನಾನು ಬರೆಯುವುದು ಎರಡು ಹಾಳೆ, ಒಬ್ಬೊಬ್ಬರಿಗೆ ಒಂದು. ಎರಡೂ ಒಂದೇ ಅಲ್ಲ, ಈ ವ್ಯತ್ಯಾಸದಲ್ಲೇ ಕಂತಿನ ಜೀವ ಇದೆ. ಶಿವನಸಮುದ್ರದ ಕಂತಿಗೆ ಐದು ಘಟ್ಟಗಳು. ಮೊದಲ ಕರೆಂಟು ಯಾರಿಗೆ ಹೋಯಿತು; ಅಷ್ಟು ದೂರ ಹೇಗೆ ಹೋಯಿತು; 1905ರಲ್ಲಿ ಬೆಂಗಳೂರಿಗೆ ಬೀದಿದೀಪ ಬಂದದ್ದು; ಬೇಸಿಗೆಯಲ್ಲಿ ಕಾವೇರಿ ಸೊರಗಿದಾಗ ಎದುರಾದ ತೊಂದರೆ ಮತ್ತು 1911ರಲ್ಲಿ ಶುರುವಾದ ಕೃಷ್ಣರಾಜಸಾಗರದ ಕೆಲಸ; ಕೊನೆಗೆ 2001ರಲ್ಲಿ ಗಣಿ ಮುಚ್ಚಿದ್ದು. ಈ ಐದನ್ನೂ ಓದಿಕೊಂಡು ಬರುವವರು ನಿರೂಪಕಿ ಮಾತ್ರ. ನಿರೂಪಕರ ಹಾಳೆಯಲ್ಲಿ ಘಟ್ಟಕ್ಕೊಂದು ಪ್ರಶ್ನೆ ಇರುತ್ತದೆ, ಉತ್ತರ ಇರುವುದಿಲ್ಲ. ಇದಕ್ಕೆ ಪ್ರತಿಯಾಗಿ ಒಂದು ಸಂಗತಿ ಅವರ ಹಾಳೆಯಲ್ಲಷ್ಟೇ ಇರುತ್ತದೆ. ಈ ಯೋಜನೆಗೆ ಬೆನ್ನಾಗಿ ನಿಂತ ದಿವಾನ್ ಶೇಷಾದ್ರಿ ಅಯ್ಯರ್ ದೀಪ ಹೊತ್ತುವುದನ್ನು ನೋಡಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು ಎಂಬ ಸಂಗತಿ. ನಿರೂಪಕಿಗೆ ಅದು ಗೊತ್ತೋ ಇಲ್ಲವೋ ನಾನು ಕೇಳಿ ತಿಳಿದುಕೊಳ್ಳುವುದಿಲ್ಲ. ಇಬ್ಬರಿಗೂ ಎದುರಿನವರ ಹಾಳೆಯಲ್ಲಿ ಏನೋ ಇದೆ ಎಂಬುದಷ್ಟೇ ಗೊತ್ತು. ಅಷ್ಟಿದ್ದರೆ ಇಬ್ಬರೂ ಕಿವಿಗೊಟ್ಟು ಕೇಳುತ್ತಾರೆ.

ಮೊದಲ ಘಟ್ಟಕ್ಕೆ ನಿರೂಪಕಿಯ ಹಾಳೆಯಲ್ಲಿ ಒಂದೇ ಸೂಚನೆ: ಉತ್ತರ ಹೇಳಬೇಡಿ, ಅವರೇ ಊಹಿಸಲಿ. ಆಗ ಮಾತು ಬೇರೆಯ ದಾರಿ ಹಿಡಿಯುತ್ತದೆ.

“ಕಾವೇರಿ ಬೀಳೋ ಜಾಗದಲ್ಲಿ ಕರೆಂಟ್ ತೆಗೆದ್ರು. ಅದು ಮೊದಲು ಎಲ್ಲಿಗೆ ಹೋಯ್ತು, ಹೇಳಿ ನೋಡೋಣ.”

“ಎಲ್ಲಿಗಂದ್ರ… ಅರಮನಿಗೇ ಹೋಗಿರಬೇಕಲ್ರೀ. ರಾಜರದ ರಾಜ್ಯ, ರಾಜರದ ಹೊಳಿ.”

“ಅಲ್ಲ.”

“ಹಂಗಾದ್ರ ಬೆಂಗಳೂರಿಗೆ?”

“ಬೆಂಗಳೂರು ಇನ್ನೂ ಮೂರು ವರ್ಷ ಕಾಯ್ಬೇಕು.”

“ಅಲ್ರೀ, ಮತ್ತ್ಯಾರು… ತಡೀರಿ. ರೊಕ್ಕ ಇದ್ದವ್ರು. ಗಣಿ?”

“ಗಣಿ!”

ಇಲ್ಲಿ ನಿರೂಪಕರ ತಪ್ಪು ಊಹೆಗಳೇ ಕಂತಿಗೆ ಒದಗಿದವು. ಅರಮನೆಗೆ ಹೋಗಿರಬೇಕು ಎಂದು ಕೇಳುವವರೂ ಊಹಿಸಿರುತ್ತಾರೆ. ತಮ್ಮ ಊಹೆಯನ್ನೇ ಅವರು ಇನ್ನೊಬ್ಬರ ಬಾಯಲ್ಲಿ ಕೇಳುತ್ತಾರೆ. “ಇನ್ನೂ ಮೂರು ವರ್ಷ” ಎಂಬ ಮಾತು ಮೂರನೆಯ ಘಟ್ಟದ ಬೀಜವನ್ನು ಈಗಲೇ ಬಿತ್ತಿತು. ದುಡ್ಡು ಇದ್ದವರು ಎಂದು ನಿರೂಪಕರೇ ದಾರಿ ಹುಡುಕಿಕೊಂಡದ್ದರಿಂದ, ಗಣಿ ಕಂಪನಿಗಳು ದೊಡ್ಡ ಗಿರಾಕಿಯಾಗಿ ಸಿಕ್ಕಿದ್ದಕ್ಕೇ ಈ ಯೋಜನೆ ನಿಂತಿತು ಎಂದು ವಿವರಿಸಲು ನಿರೂಪಕಿಗೆ ಸಲೀಸಾಯಿತು. ಇದರಲ್ಲಿ ಒಂದು ವಾಕ್ಯವನ್ನೂ ನಾನು ಬರೆದಿರಲಿಲ್ಲ, ಆದರೂ ಮಾತು ನಾನು ಹಾಕಿದ ಗೆರೆ ದಾಟಲಿಲ್ಲ.

ಹಾಳೆಯಲ್ಲಿ ವಿಷಯವನ್ನು ಬರೆಯುವ ರೀತಿಗೂ ನನ್ನದೊಂದು ನಿಯಮವಿದೆ: ಕ್ರಿಯಾಪದ ಬರೆಯಕೂಡದು. ಎರಡನೆಯ ಘಟ್ಟಕ್ಕೆ ನಿರೂಪಕಿಯ ಹಾಳೆಯಲ್ಲಿ ಇಷ್ಟೇ ಇರುತ್ತದೆ: “ಸುಮಾರು 150 ಕಿ.ಮೀ. ತಂತಿ. ದಾರಿಯಲ್ಲಿ ಸೋರಿಕೆ. ವೋಲ್ಟೇಜು ಹತ್ತು ಪಟ್ಟು, ನಷ್ಟ ನೂರರಲ್ಲಿ ಒಂದು ಪಾಲು.” ಕನ್ನಡದ ವಾಕ್ಯ ಕ್ರಿಯಾಪದದಲ್ಲಿ ಮುಗಿಯುತ್ತದೆ, ಆಡುವವರ ಊರು, ಸಲಿಗೆ, ಬರಹದ ಭಾಷೆಯೋ ಬಾಯಿಮಾತೋ ಎಂಬುದೆಲ್ಲ ಗೊತ್ತಾಗುವುದು ಅಲ್ಲೇ. ನಾನು “ಕಡಿಮೆಯಾಗುತ್ತದೆ” ಎಂದು ಬರೆದರೆ ಅವರು ಅದನ್ನೇ ಓದುತ್ತಾರೆ. ಬರೆಯದಿದ್ದರೆ ಅವರ ಬಾಯಲ್ಲಿ “ಕಮ್ಮಿ ಆಗ್ಬಿಡುತ್ತೆ” ಎಂದೋ, ಧಾರವಾಡದವರಾದರೆ “ಕಡಿಮಿ ಆಗ್ತದ” ಎಂದೋ ತಾನಾಗಿ ಬರುತ್ತದೆ. ಇನ್ನೊಂದು ಲಾಭವೂ ಇದೆ. ವಾಕ್ಯದ ಕೊನೆ ಹುಡುಕಲು ಒಬ್ಬರು ಕ್ಷಣ ತಡವರಿಸಿದರೆ ಇನ್ನೊಬ್ಬರು ಆ ಕ್ರಿಯಾಪದ ಹಾಕಿ ವಾಕ್ಯ ಮುಗಿಸುತ್ತಾರೆ. ಮನೆಯ ಜಗಲಿಯಲ್ಲಿ ನಾವು ಮಾತಾಡುವುದೂ ಹೀಗೆಯೇ. ಸಂಖ್ಯೆ, ಇಸವಿ, ಹೆಸರುಗಳನ್ನು ಮಾತ್ರ ನಾನು ದಪ್ಪ ಅಕ್ಷರದಲ್ಲಿ ಪೂರ್ತಿ ಬರೆಯುತ್ತೇನೆ. ಅವು ನೆನಪಿನಿಂದ ಬರಕೂಡದು.

ಹರಟೆ ದಾರಿ ತಪ್ಪದೆ ಇರುವುದಿಲ್ಲ, ತಪ್ಪಲೂಬೇಕು. ಬೀದಿದೀಪದ ಮಾತು ಬಂದಾಗ ನಿರೂಪಕರು ತಮ್ಮ ಅಜ್ಜಿ ಕಂದೀಲಿನ ಗಾಜು ಒರೆಸುತ್ತಿದ್ದದ್ದನ್ನು ನೆನೆದರೆ ಅದನ್ನು ಅರ್ಧಕ್ಕೆ ತುಂಡರಿಸಬಾರದು. ಅಲ್ಲಿಂದ ವಾಪಸು ಬರುವುದು ಹೇಗೆ ಎಂಬುದಕ್ಕೆ ಮಾತ್ರ ಮೊದಲೇ ಸಿದ್ಧತೆ ಬೇಕು. “ಸರಿ, ಈಗ ವಿಷಯಕ್ಕೆ ಬರೋಣ” ಎಂದರೆ ಅಷ್ಟು ಹೊತ್ತು ಕೇಳಿದ್ದು ವಿಷಯವೇ ಅಲ್ಲ ಎಂದಂತಾಗುತ್ತದೆ. ಅದಕ್ಕೇ ಪ್ರತಿ ಘಟ್ಟದ ಪ್ರಶ್ನೆಯನ್ನು ನಾನು ಎಲ್ಲಿಂದಲಾದರೂ ಬಂದು ಸೇರಬಹುದಾದ ಹಾಗೆ ಬರೆಯುತ್ತೇನೆ. “ಬೇಸಿಗೆಯಲ್ಲಿ ನೀರೇ ಇಲ್ಲದಿದ್ರೆ?” ಎಂಬ ನಾಲ್ಕನೆಯ ಪ್ರಶ್ನೆ ಗಣಿಯ ಮಾತಿಗೂ ಹೊಂದುತ್ತದೆ, ಬೀದಿದೀಪಕ್ಕೂ ಹೊಂದುತ್ತದೆ, ಅಜ್ಜಿಯ ಕಂದೀಲಿಗೂ ಹೊಂದುತ್ತದೆ: ಕರೆಂಟು ಹೋದರೆ ಮತ್ತೆ ಕಂದೀಲೇ ಗತಿ. “ಹಾಗಾದರೆ ಇದಕ್ಕೆ ಪರಿಹಾರವೇನು?” ಎಂಬ ಪ್ರಶ್ನೆ ಹೀಗೆ ಕೆಲಸಕ್ಕೆ ಬರುವುದಿಲ್ಲ, ಅದಕ್ಕೆ ಹಿಂದಿನ ವಾಕ್ಯದ ಆಸರೆ ಬೇಕು. ಬರೆದ ಪ್ರಶ್ನೆಯನ್ನು ಸಂಬಂಧವಿಲ್ಲದ ಮೂರು ಮಾತುಗಳ ಮುಂದೆ ಇಟ್ಟು ನೋಡುತ್ತೇನೆ. ಎರಡಕ್ಕಾದರೂ ಹೊಂದದಿದ್ದರೆ ಬೇರೆ ಬರೆಯುತ್ತೇನೆ.

ಗಡಿಯಾರ ಯಾರ ಕೈಯಲ್ಲಿರಬೇಕು ಎಂಬುದನ್ನೂ ಮೊದಲೇ ಗೊತ್ತುಮಾಡಬೇಕು. ವಿಷಯ ಓದಿಕೊಂಡು ಬಂದವರು ಅದರಲ್ಲೇ ಮುಳುಗಿರುತ್ತಾರೆ, ಅವರಿಗೆ ಹೊತ್ತು ತಿಳಿಯುವುದಿಲ್ಲ. ಆದ್ದರಿಂದ ಮುಂದಿನ ಘಟ್ಟದ ಪ್ರಶ್ನೆಗಳೂ ಗಡಿಯಾರವೂ ಪ್ರಶ್ನೆ ಕೇಳುವವರ ಬಳಿ ಇರಬೇಕು. ಭಾಗವತಿಕೆ ಅವರದು. ನಿರೂಪಕರ ಹಾಳೆಯಲ್ಲಿ ಪ್ರತಿ ಪ್ರಶ್ನೆಯ ಪಕ್ಕ ನಿಮಿಷ ಬರೆದಿರುತ್ತದೆ. ಎರಡು ನಿಮಿಷ ಹೆಚ್ಚುಕಡಿಮೆಯಾದರೆ ಚಿಂತೆಯಿಲ್ಲ, ಅದನ್ನು ಮೀರಿದರೆ ಅವರು ಮುಂದಿನ ಪ್ರಶ್ನೆ ಎತ್ತುತ್ತಾರೆ. ಹೆಚ್ಚಾದದ್ದನ್ನು ಆಮೇಲೆ ಕತ್ತರಿಸಬಹುದು ಎಂಬ ಧೈರ್ಯದಲ್ಲಿ ಗಂಟೆಗಟ್ಟಲೆ ಬಿಟ್ಟರೆ ಸಂಕಲನದಲ್ಲಿ ತೊಂದರೆ ಕಾದಿರುತ್ತದೆ. ಒಬ್ಬರ ಮೇಲೊಬ್ಬರು ಮಾತಾಡಿದ ಜಾಗದಲ್ಲಿ ಕತ್ತರಿ ಹಾಕಲು ಬರುವುದಿಲ್ಲ. ನಗು ಒಂದು ಕಡೆ, ನಗಿಸಿದ ಮಾತು ಇನ್ನೊಂದು ಕಡೆ ಆಗಿಬಿಡುತ್ತದೆ.

ಪೂರ್ತಿ ಕಂತಿನ ತಾಲೀಮು ನಾನು ಮಾಡಿಸುವುದಿಲ್ಲ. ಧ್ವನಿಯ ಮಟ್ಟ ಸರಿಮಾಡಿಕೊಳ್ಳಲು ಬೇರೆ ಏನಾದರೂ ಮಾತಾಡಿ ಎನ್ನುತ್ತೇನೆ. ಎರಡನೆಯ ಸಲ ಆಡಿದ ಮಾತಿಗೆ ಗುರುತುಗಳಿವೆ: ಹಾಸ್ಯ ಪೂರ್ತಿ ಬರುವ ಮುಂಚೆಯೇ ನಗು ಬರುತ್ತದೆ, “ಹೌದಾ” ಎಂಬ ಅಚ್ಚರಿ ಅರ್ಧ ಸೆಕೆಂಡು ಮೊದಲೇ ಹೊರಡುತ್ತದೆ. ಹೊರಗಿನ ಹಾರ್ನ್ ಸದ್ದಿಗೆ ಒಂದು ಭಾಗ ಕೆಟ್ಟುಹೋದರೆ ಅದೇ ಪ್ರಶ್ನೆಯನ್ನು ಮತ್ತೆ ಕೇಳಿಸುವುದಿಲ್ಲ. “ಈಗಷ್ಟೇ ನೀವು ಹೇಳಿದ್ದು ನನಗೆ ಸರಿಯಾಗಿ ತಿಳೀತಾ ನೋಡಿ” ಎಂದು ನಿರೂಪಕರೇ ವಿಷಯವನ್ನು ತಮ್ಮ ಮಾತಿನಲ್ಲಿ ಹೇಳುತ್ತಾರೆ, ನಿರೂಪಕಿ ತಿದ್ದುತ್ತಾರೆ. ಅಚ್ಚರಿಯನ್ನು ಎರಡನೆಯ ಸಲ ನಟಿಸುವುದರ ಬದಲು, ಆ ಹೊತ್ತಿಗೆ ನಿಜವಾಗಿರುವ ಇನ್ನೊಂದು ಮಾತುಕತೆ ಅಲ್ಲಿ ಬಂದು ಕೂರುತ್ತದೆ.

ಅಕ್ಷರ ಅಕ್ಷರ ಬರೆಯುವ ಸಾಲುಗಳು ಎರಡೇ, ಮೊದಲನೆಯದು ಮತ್ತು ಕೊನೆಯದು. ಮೊದಲನೆಯದು ಬರೆಯದಿದ್ದರೆ ಇಬ್ಬರೂ “ನಮಸ್ಕಾರ, ಹೇಗಿದ್ದೀರಿ” ಎಂದುಕೊಳ್ಳುತ್ತ ಮೂರು ನಿಮಿಷ ಕಳೆಯುತ್ತಾರೆ. ಕೊನೆಯದು ಬರೆಯದಿದ್ದರೆ ಕಂತು ಮುಗಿಯುವುದೇ ಇಲ್ಲ. ಇಬ್ಬರಲ್ಲಿ ಯಾರೂ ಮೊದಲು ಎದ್ದುಹೋಗಲು ಮನಸ್ಸು ಮಾಡುವುದಿಲ್ಲ. ಶಿವನಸಮುದ್ರದ ಕಂತಿನ ಕೊನೆಯ ಸಾಲು ನಿರೂಪಕಿಯದು: “ಯಾರಿಗೋಸ್ಕರ ಆ ಕರೆಂಟ್ ತೆಗೆದ್ರೋ ಆ ಗಣಿ ಮುಚ್ಚಿಹೋಯ್ತು, ಶಿವನಸಮುದ್ರ ಇನ್ನೂ ಕರೆಂಟ್ ಕೊಡ್ತಾನೇ ಇದೆ.” ಇದನ್ನು ಬಾಯಿಮಾತಿನಲ್ಲೇ ಬರೆದು, ಅವರಿಂದ ಓದಿಸಿ, ಅವರ ನಾಲಿಗೆ ತೊಡರಿದ ಕಡೆ ತಿದ್ದಿ ಇಟ್ಟಿರುತ್ತೇನೆ. ಇದು ಬಂದ ಮೇಲೆ ಯಾರೂ ಏನೂ ಸೇರಿಸಬಾರದು ಎಂಬುದು ಇಬ್ಬರ ಹಾಳೆಯಲ್ಲೂ ಇರುವ ಒಂದೇ ಸಮಾನ ಸೂಚನೆ.

ಕಂತು ಸಿದ್ಧವಾದ ಮೇಲೆ ಎರಡು ಹಾಳೆಗಳನ್ನೂ ಮುಂದಿಟ್ಟುಕೊಂಡು ಕೇಳುತ್ತೇನೆ. ಇಸವಿ, ಸಂಖ್ಯೆಗಳೆಲ್ಲ ಸರಿಯಾಗಿ ಬಂದಿವೆಯೇ ಎಂದು ಒಂದೊಂದಾಗಿ ಗೀಟು ಹಾಕುತ್ತೇನೆ. ಆಮೇಲೆ ಹಾಳೆ ನೋಡದ ಒಬ್ಬರಿಗೆ ಕೇಳಿಸಿ, ಇದರಲ್ಲಿ ಮೊದಲೇ ಬರೆದಿಟ್ಟದ್ದು ಯಾವುದು ಅನ್ನಿಸುತ್ತದೆ ಎಂದು ವಿಚಾರಿಸುತ್ತೇನೆ. ಅವರು ಯಾವ ಘಟ್ಟದ ಪ್ರಶ್ನೆಯನ್ನು ಬೆರಳಿಟ್ಟು ತೋರಿಸುತ್ತಾರೋ ಅಲ್ಲಿ ಕೇಳಿದವರಿಗೆ ಉತ್ತರ ಮೊದಲೇ ಗೊತ್ತಿತ್ತು ಎಂದೇ ಅರ್ಥ. ಮುಂದಿನ ಕಂತಿನಲ್ಲಿ ಅಂಥ ಜಾಗ ಬಂದರೆ ಅವರ ಹಾಳೆಯಿಂದ ಇನ್ನಷ್ಟು ತೆಗೆದುಹಾಕುತ್ತೇನೆ.