ನದಿ, ದಿನ, ದನಿ

‘ನದಿ’ಯನ್ನು ತಿರುಗಿಸಿದರೆ ‘ದಿನ’. ಅಕ್ಷರಗಳು ಅವೇ, ಜಾಗ ಮಾತ್ರ ಬೇರೆ. ಪದಬಂಧದ ಹುಚ್ಚಿರುವ ನನಗೆ ಇಂಥ ಜೋಡಿಗಳೆಂದರೆ ಇಷ್ಟ. ಇವನ್ನು ಕಂಪ್ಯೂಟರಿನಿಂದ ಹುಡುಕಿಸಲು ಎರಡು ದಾರಿಗಳಿವೆ.

ಮೊದಲನೆಯದು ಜೋಡಿಸುವುದು. ಎರಡೂ ಪದಗಳ ಅಕ್ಷರಗಳನ್ನು ಒಂದೇ ಕ್ರಮದಲ್ಲಿ ಸಾಲಾಗಿ ನಿಲ್ಲಿಸಬೇಕು. ಸಾಲುಗಳು ಒಂದೇ ಆಗಿದ್ದರೆ ಜೋಡಿ ಸರಿ. ಎರಡನೆಯದು ಎಣಿಸುವುದು. ಮೊದಲ ಪದದ ಪ್ರತಿ ಅಕ್ಷರಕ್ಕೂ ಲೆಕ್ಕದಲ್ಲಿ ಒಂದು ಕೂಡಿಸಿ, ಎರಡನೆಯ ಪದದ ಪ್ರತಿ ಅಕ್ಷರಕ್ಕೂ ಒಂದು ಕಳೆಯುತ್ತ ಹೋಗಬೇಕು. ಕೊನೆಗೆ ಎಲ್ಲವೂ ಸೊನ್ನೆಯಾದರೆ ಸರಿ. ನಡುವೆ ಎಲ್ಲಾದರೂ ಸೊನ್ನೆಗಿಂತ ಕೆಳಗಿಳಿದರೆ ಅಲ್ಲೇ ನಿಲ್ಲಿಸಬಹುದು.

ಎರಡೇ ಪದಗಳಿದ್ದರೆ ಎಣಿಕೆಗೆ ಕೆಲಸ ಕಡಿಮೆ. ಪ್ರತಿ ಅಕ್ಷರವನ್ನು ಒಮ್ಮೆ ನೋಡಿದರೆ ಸಾಕು, ಅಕ್ಷರಗಳನ್ನು ಒಂದಕ್ಕೊಂದು ಹೋಲಿಸಿ ಸಾಲಿನಲ್ಲಿ ನಿಲ್ಲಿಸಬೇಕಿಲ್ಲ. ಆದರೆ ಇಡೀ ನಿಘಂಟಿನಲ್ಲಿ ಜೋಡಿಗಳನ್ನು ಹುಡುಕುವಾಗ ನಾನು ಜೋಡಿಸುವ ದಾರಿಯನ್ನೇ ಹಿಡಿಯುತ್ತೇನೆ. ಜೋಡಿಸಿದ ರೂಪವೇ ಒಂದು ವಿಳಾಸವಾಗುತ್ತದೆ. ಪ್ರತಿ ಪದವನ್ನೂ ಅದರ ವಿಳಾಸದ ಡಬ್ಬಿಗೆ ಹಾಕಿದರೆ, ಒಂದೇ ಡಬ್ಬಿಗೆ ಬಿದ್ದವೆಲ್ಲ ಜೋಡಿಗಳು. ಪ್ರತಿ ಪದವನ್ನೂ ಉಳಿದೆಲ್ಲ ಪದಗಳೊಂದಿಗೆ ಹೋಲಿಸುವ ಗೋಜಿಲ್ಲ.

ಕನ್ನಡದಲ್ಲಿ ಒಂದು ತೊಡಕಿದೆ. ಕಂಪ್ಯೂಟರು ‘ದಿ’ಯನ್ನು ಒಂದು ಅಕ್ಷರವಾಗಿ ಇಟ್ಟುಕೊಳ್ಳುವುದಿಲ್ಲ. ಯೂನಿಕೋಡ್‌ನಲ್ಲಿ ಅದು ‘ದ’ ಮತ್ತು ಗುಡಿಸು, ಎರಡು ಸಂಕೇತಗಳು. ಹೀಗಾಗಿ ‘ನದಿ’ ಎಂದರೆ ಅದಕ್ಕೆ ನ, ದ, ಗುಡಿಸು. ಸಂಕೇತಗಳ ಕ್ರಮದಲ್ಲಿ ಜೋಡಿಸಿದರೆ ದ, ನ, ಗುಡಿಸು. ಪರದೆಯ ಮೇಲೆ ‘ದನಿ’ ಎಂದು ಮೂಡುತ್ತದೆ! ‘ದಿನ’ವನ್ನು ಜೋಡಿಸಿದರೂ ‘ದನಿ’ಯೇ. ಆದ್ದರಿಂದ ನದಿ, ದಿನ, ದನಿ ಮೂರೂ ಒಂದೇ ಡಬ್ಬಿಗೆ ಬೀಳುತ್ತವೆ. ಓದುವ ಕಣ್ಣಿಗೆ ಮಾತ್ರ ‘ದನಿ’ಯಲ್ಲಿರುವುದು ದ ಮತ್ತು ನಿ, ಅಲ್ಲಿ ‘ದಿ’ಯೂ ಇಲ್ಲ, ‘ನ’ವೂ ಇಲ್ಲ.

ಎಣಿಕೆಯಿಂದ ತಾಳೆ ನೋಡಿದರೂ ಇದು ಸಿಕ್ಕಿಬೀಳುವುದಿಲ್ಲ. ಮೂರರಲ್ಲೂ ಒಂದು ದ, ಒಂದು ನ, ಒಂದು ಗುಡಿಸು. ಎರಡೂ ದಾರಿಗಳು ಯಾವಾಗಲೂ ಒಂದೇ ಉತ್ತರ ಕೊಡುತ್ತವೆ, ತಪ್ಪುವಾಗಲೂ ಒಟ್ಟಿಗೇ ತಪ್ಪುತ್ತವೆ. ಸರಿಪಡಿಸಬೇಕಾದ್ದು ಅದಕ್ಕೂ ಹಿಂದಿನ ಹೆಜ್ಜೆಯನ್ನು, ಅಂದರೆ ಪದವನ್ನು ಬಿಡಿಸುವ ಬಗೆಯನ್ನು.

ನಾನು ಬಿಡಿಸುವುದು ಹೀಗೆ: ಸ್ವರಚಿಹ್ನೆ, ಅನುಸ್ವಾರ, ವಿಸರ್ಗ, ವಿರಾಮಚಿಹ್ನೆ ಬಂದರೆ ಹಿಂದಿನದಕ್ಕೆ ಅಂಟಿಸು; ಹಿಂದಿನದು ವಿರಾಮಚಿಹ್ನೆಯಲ್ಲಿ ಮುಗಿದಿದ್ದರೆ ಮುಂದಿನ ವ್ಯಂಜನವನ್ನೂ ಅಂಟಿಸು. ಎರಡನೆಯ ನಿಯಮ ಒತ್ತಕ್ಷರಕ್ಕಾಗಿ. ಅದಿಲ್ಲದಿದ್ದರೆ ‘ಅಕ್ಕ’ ಮೂರು ತುಂಡಾಗುತ್ತದೆ. ಇದ್ದರೆ ಅ, ಕ್ಕ ಎಂದು ಎರಡೇ. ಹೀಗೆ ಬಿಡಿಸಿದ ಮೇಲೆ ಜೋಡಿಸಿದರೂ ಸರಿ, ಎಣಿಸಿದರೂ ಸರಿ. ಆದರೆ ಎಣಿಸುವವರು ಇಂಗ್ಲಿಷಿನ ಹಾಗೆ 26 ಮನೆಗಳನ್ನು ಮೊದಲೇ ಕಟ್ಟಿಟ್ಟುಕೊಳ್ಳಲಾಗದು. ಕಾಗುಣಿತ, ಒತ್ತು ಸೇರಿದರೆ ಮನೆಗಳು ಸಾವಿರ ದಾಟುತ್ತವೆ. ಎದುರಾದ ಅಕ್ಷರಕ್ಕೆ ಆಗಲೇ ಒಂದು ಮನೆ ತೆರೆಯಬೇಕು.

ಕಾರ್ಯಕ್ರಮ ಸರಿಯಿದೆಯೇ ಎಂದು ನೋಡಲು ನಾನು ಕೊಡುವ ಪರೀಕ್ಷೆ ಚಿಕ್ಕದು. ‘ನದಿ’, ‘ದಿನ’ಕ್ಕೆ ಹೌದು ಎನ್ನಬೇಕು. ‘ಗಿಡ’, ‘ಗಡಿ’ಗೆ ಅಲ್ಲ ಎನ್ನಬೇಕು.